ಸಂಬಳ ಏರಿತು, ಕಂತು ಏರದಿರಲಿ

ಬೆಂಗಳೂರಿನಲ್ಲಿ ತಿಂಗಳಿಗೆ 60,000 ರೂಪಾಯಿ ಕೈಗೆ ಬರುತ್ತಿದ್ದವರಿಗೆ ಬಡ್ತಿ ಸಿಕ್ಕಿ 90,000 ಆಯಿತು ಎಂದಿಟ್ಟುಕೊಳ್ಳಿ. ತೆರಿಗೆ, ಪಿಎಫ್ ಕಳೆದ ಮೇಲಿನ ಲೆಕ್ಕವಿದು. ಆಫರ್ ಪತ್ರದ ಮೊತ್ತ ನೋಡಿ ಹಿಗ್ಗಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ.

ಇನ್ನು ಕಾರು. ಎಂಟು ಲಕ್ಷ ಸಾಲಕ್ಕೆ ಶೇ 9ರ ಬಡ್ಡಿಯಲ್ಲಿ ಏಳು ವರ್ಷ ತಿಂಗಳಿಗೆ ಸುಮಾರು 12,900 ರೂಪಾಯಿ ಕಂತು. ಪೆಟ್ರೋಲು, ವಿಮೆ, ಸರ್ವಿಸಿಗೆ ಇನ್ನೊಂದು ಏಳು ಸಾವಿರ. ದೊಡ್ಡ ಮನೆಗೆ ಹೋದರೆ ಬಾಡಿಗೆ ಹತ್ತು ಸಾವಿರ ಹೆಚ್ಚು. ಏರಿದ 30,000 ಅಲ್ಲಿಗೆ ಮುಗಿಯಿತು. ಕೆಲಸ ಹೋದರೂ ಕಂತು ನಿಲ್ಲುವುದಿಲ್ಲ ಎಂಬುದೇ ನನಗೆ ಆತಂಕದ ಸಂಗತಿ.

ಹಾಗೆಂದು ದುಡಿದವರು ಆಸೆ ಅದುಮಿಕೊಂಡು ಬದುಕಬೇಕಿಲ್ಲ. ಸಂಬಳ ಬಂದ ಮರುದಿನವೇ ಏರಿಕೆಯ ಅರ್ಧ, ಅಂದರೆ 15,000, ತಾನಾಗಿಯೇ ಆರ್‌ಡಿಗೋ ಎಸ್‌ಐಪಿಗೋ ಹೋಗುವಂತೆ ಬ್ಯಾಂಕಿಗೆ ಸೂಚನೆ ಕೊಡಿ. ದುಬಾರಿ ಬಡ್ಡಿಯ ಸಾಲವಿದ್ದರೆ ಮೊದಲು ಅದಕ್ಕೆ ಕಟ್ಟಿ. ಉಳಿದರ್ಧದಲ್ಲಿ ಐದು ಸಾವಿರವನ್ನು ಪ್ರತಿ ತಿಂಗಳ ಸುಖಕ್ಕೆ ಇಡಿ. ಅಡುಗೆಗೆ ಒಬ್ಬರು ಬಂದು ಹೋದರೆ ಸಂಜೆಯ ಹೊತ್ತು ನಿಮ್ಮದಾಗುತ್ತದೆ. ಹತ್ತು ಸಾವಿರ ಬೇರೆ ಖಾತೆಯಲ್ಲಿರಲಿ. ವರ್ಷಕ್ಕೆ 1,20,000 ಕೂಡುತ್ತದೆ. ಅಪ್ಪ ಅಮ್ಮನನ್ನು ಕಾಶಿಗೆ ಕರೆದೊಯ್ಯಬಹುದು, ಸಾಲವಿಲ್ಲದೆ.

ಆರು ತಿಂಗಳ ನಂತರ ಪಾಸ್‌ಬುಕ್ ತೆರೆಯಿರಿ. 25ನೇ ತಾರೀಕಿನ ಹೊತ್ತಿಗೆ ಮೊದಲಿಗಿಂತ ಕಡಿಮೆ ಹಣ ಉಳಿದಿದ್ದರೆ, ಹೊಸದಾಗಿ ಸೇರಿದ ತಿಂಗಳ ಖರ್ಚು ಯಾವುದೆಂದು ಹುಡುಕಿ, ಅದನ್ನೇ ಮೊದಲು ನಿಲ್ಲಿಸಿ.