ಹಬೆ ಏರಿದ್ದನ್ನು ಗುರುತಿಸುವ ಫ್ಯಾನು

ಜುಲೈ ತಿಂಗಳ ಮಂಗಳೂರಿನಲ್ಲಿ ಗಾಳಿಯ ತೇವಾಂಶ ಶೇ. 90ರ ಆಸುಪಾಸಿನಲ್ಲಿರುತ್ತದೆ. ‘ತೇವಾಂಶ ಶೇ. 70 ದಾಟಿದರೆ ಓಡು’ ಎಂದು ಹೊಂದಿಸಿದ ಎಕ್ಸಾಸ್ಟ್ ಫ್ಯಾನನ್ನು ಅಲ್ಲಿನ ಬಚ್ಚಲಿಗೆ ಹಾಕಿದರೆ, ಮಳೆಗಾಲ ಮುಗಿಯುವವರೆಗೆ ಅದು ನಿಲ್ಲುವುದೇ ಅಪರೂಪ. 35 ವ್ಯಾಟ್‌ನ ಫ್ಯಾನು ಹಗಲೂ ರಾತ್ರಿ ಓಡಿದರೆ ತಿಂಗಳಿಗೆ 25 ಯೂನಿಟ್ ವಿದ್ಯುತ್ ಬೇಕು. ಅಷ್ಟು ಖರ್ಚಾದರೂ ಬಚ್ಚಲು ಒಣಗುವುದಿಲ್ಲ. ಫ್ಯಾನು ಹೊರಗೆ ತಳ್ಳಿದಷ್ಟೇ ತೇವದ ಗಾಳಿ ಬಾಗಿಲ ಸಂದಿಯಿಂದ ಮತ್ತೆ ಒಳಗೆ ಬರುತ್ತದೆ.

ಮಿತಿಯನ್ನು ಶೇ. 95ಕ್ಕೆ ಏರಿಸಿದರೆ ಬೇರೆ ತೊಂದರೆ. ಕಡಿಮೆ ಬೆಲೆಯ ತೇವಾಂಶ ಸೆನ್ಸರ್‌ಗಳ ಅಳತೆ ಎರಡು ಮೂರು ಅಂಶ ಆಚೀಚೆ ಇರುವುದು ಸಹಜ, ತೇವ ಹೆಚ್ಚಿದಷ್ಟೂ ಆ ವ್ಯತ್ಯಾಸ ಬೆಳೆಯುತ್ತದೆ. ಒಣಹವೆಯ ದಿನಗಳಲ್ಲಂತೂ ಕನ್ನಡಿ ಮಂಜಾದರೂ ಸೆನ್ಸರ್ ಇರುವ ಮೂಲೆಯಲ್ಲಿ ಶೇ. 95 ಆಗದೇ ಹೋಗಬಹುದು. ಬೆಂಗಳೂರಿನ ಚಳಿಗಾಲದಲ್ಲಿ ಒಂದೇ ದಿನದೊಳಗೆ ಇಂಥ ಏರುಪೇರು ಕಾಣುತ್ತದೆ. ನಸುಕಿನಲ್ಲಿ ಶೇ. 80 ದಾಟಿದ ತೇವಾಂಶ ಮಧ್ಯಾಹ್ನದ ಹೊತ್ತಿಗೆ 40ರ ಹತ್ತಿರಕ್ಕೆ ಇಳಿಯುತ್ತದೆ. ಯಾವ ಒಂದು ಸಂಖ್ಯೆಯನ್ನು ಇಟ್ಟರೂ ದಿನದ ಒಂದು ಹೊತ್ತಿಗೆ ಅದು ತಪ್ಪೇ.

ಅಮೆರಿಕದ ಕ್ಯಾಲಿಫೋರ್ನಿಯಾದ ಕಟ್ಟಡ ನಿಯಮವು ಬಚ್ಚಲಿನ ಫ್ಯಾನಿನ ತೇವಾಂಶ ನಿಯಂತ್ರಣವನ್ನು ಶೇ. 50ರಿಂದ 80ರ ನಡುವೆ ಹೊಂದಿಸಲು ಬರಬೇಕು ಎನ್ನುತ್ತದೆ. ಅಲ್ಲಿನ ಒಣ ಹವೆಗೆ ಅದು ಸರಿ. ನಮ್ಮ ಕರಾವಳಿಯ ಮಳೆಗಾಲ ಶುರುವಾಗುವುದೇ ಆ ಗರಿಷ್ಠ ಮಿತಿಯ ಮೇಲೆ. ಹಾಗಾಗಿ ಇಲ್ಲಿನ ಫ್ಯಾನು ತೇವಾಂಶ ಎಷ್ಟಿದೆ ಎಂದು ನೋಡಿದರೆ ಸಾಲದು, ಎಷ್ಟು ಬೇಗ ಏರುತ್ತಿದೆ ಎಂದು ನೋಡಬೇಕು.

ಏರಿಕೆಯ ವೇಗ ಏಕೆ ನಂಬಬಹುದಾದ ಗುರುತು ಎಂಬುದನ್ನು ಒಂದು ಲೆಕ್ಕದಲ್ಲಿ ನೋಡೋಣ. ಐದು ಅಡಿಗೆ ಏಳು ಅಡಿ, ಎಂಟು ಅಡಿ ಎತ್ತರದ ಬಚ್ಚಲಿನಲ್ಲಿ ಸುಮಾರು 8 ಘನ ಮೀಟರ್ ಗಾಳಿ ಹಿಡಿಯುತ್ತದೆ. ಉಷ್ಣತೆ 26 ಡಿಗ್ರಿ, ತೇವಾಂಶ ಶೇ. 88 ಇದ್ದಾಗ ಆ ಇಡೀ ಗಾಳಿ ಇನ್ನು ಹೀರಿಕೊಳ್ಳಬಲ್ಲ ನೀರು ಹೆಚ್ಚುಕಡಿಮೆ 24 ಗ್ರಾಂ, ಎಂದರೆ ಎರಡು ದೊಡ್ಡ ಚಮಚಕ್ಕೂ ಕಡಿಮೆ. ಗೀಸರಿನ ಬಿಸಿನೀರು ಮೈಮೇಲೆ ಬಿದ್ದ ಕೆಲವೇ ನಿಮಿಷಗಳಲ್ಲಿ ಅಷ್ಟು ಹಬೆ ತುಂಬಿಕೊಂಡು ತೇವಾಂಶ ಶೇ. 97 ಮುಟ್ಟಬಹುದು. ಮೂರು ನಿಮಿಷಕ್ಕೆ ಒಂಬತ್ತು ಅಂಶದ ಏರಿಕೆ ಎಂದಿಟ್ಟುಕೊಳ್ಳಿ. ಅದೇ ಸಂಜೆ ತಂಪಾಗುತ್ತ ಬಂದಾಗ ತೇವಾಂಶ 70ರಿಂದ 90ಕ್ಕೆ ಏರಲು ನಾಲ್ಕು ತಾಸು ಹಿಡಿದರೆ, ಮೂರು ನಿಮಿಷದ ಪಾಲಿಗೆ ಬರುವುದು ಕಾಲು ಅಂಶ. ಸ್ನಾನದ ಏರಿಕೆ ಹವೆಯ ಏರಿಕೆಗಿಂತ ಮೂವತ್ತಾರು ಪಟ್ಟು ಚುರುಕು. ಹೀಗಾಗಿ ಮೂರು ನಿಮಿಷದ ಹಿಂದಿನ ಅಳತೆಗಿಂತ ಈಗಿನದು ಐದು ಅಂಶ ಹೆಚ್ಚಿದ್ದರೆ ಫ್ಯಾನು ಹಾಕು ಎಂಬ ಒಂದೇ ನಿಯಮ ಬೆಂಗಳೂರಿಗೂ ಮಂಗಳೂರಿಗೂ ಬಹುಮಟ್ಟಿಗೆ ಒಗ್ಗುತ್ತದೆ. ಸೆನ್ಸರ್‌ನ ಸಣ್ಣ ನಡುಕಕ್ಕೆ ಫ್ಯಾನು ಬೆಚ್ಚಿ ಏಳದಂತೆ, ಹತ್ತು ಸೆಕೆಂಡಿಗೊಮ್ಮೆ ಅಳೆದು, ಒಂದು ನಿಮಿಷದ ಸರಾಸರಿಯನ್ನು ಹೋಲಿಸಿದರೆ ಆಯಿತು.

ಈ ನಿಯಮ ಸೋಲುವ ಸಂದರ್ಭಗಳು ಎರಡು. ತೇವಾಂಶ ಮೊದಲೇ ಶೇ. 96 ಇದ್ದರೆ ಐದು ಅಂಶ ಏರಲು ಜಾಗವೇ ಇರುವುದಿಲ್ಲ. ಇನ್ನೊಂದು, ಧೋ ಎಂದು ಮಳೆ ಸುರಿದು ಗಾಳಿ ತಟ್ಟನೆ ತಣ್ಣಗಾದರೆ, ಯಾರೂ ಸ್ನಾನ ಮಾಡದಿದ್ದರೂ ತೇವಾಂಶದ ಶೇಕಡಾವಾರು ಜಿಗಿಯುತ್ತದೆ. ಎರಡಕ್ಕೂ ಕಾರಣ ಒಂದೇ. ಆ ಶೇಕಡಾವಾರು ಗಾಳಿಯಲ್ಲಿರುವ ನೀರಿನ ಜೊತೆಗೆ ಗಾಳಿಯ ಬಿಸಿಯನ್ನೂ ಅವಲಂಬಿಸಿದೆ. ಕರಾವಳಿಯ ಮನೆಗಳಿಗೆ ಮೇಲಾದ ಅಳತೆ ಇಬ್ಬನಿ ಬಿಂದು, ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ಅದರಲ್ಲಿನ ನೀರು ಹನಿಗಟ್ಟಲು ಶುರುವಾಗುತ್ತದೋ ಆ ಉಷ್ಣತೆ. ತೇವಾಂಶದ ಜೊತೆಗೆ ಉಷ್ಣತೆಯನ್ನೂ ಅಳೆಯುವ ಸೆನ್ಸರ್ ಇದ್ದರೆ ನಿಯಂತ್ರಕವೇ ಅದನ್ನು ಲೆಕ್ಕ ಹಾಕಿಕೊಳ್ಳುತ್ತದೆ. ನಮ್ಮ ಬಚ್ಚಲಿನಲ್ಲಿ ಸ್ನಾನಕ್ಕೆ ಮೊದಲು ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಹಬೆ ತುಂಬಿ ಗಾಳಿ 28 ಡಿಗ್ರಿಗೆ ಬಿಸಿಯಾಗಿ ತೇವಾಂಶ ಶೇ. 97 ಆದಾಗ ಅದು 27.5 ಡಿಗ್ರಿ. ಮಳೆ ಬಂದು ತಣ್ಣಗಾದಾಗ ಇಬ್ಬನಿ ಬಿಂದು ಹೆಚ್ಚು ಕದಲುವುದಿಲ್ಲ. ಮೂರು ನಿಮಿಷದಲ್ಲಿ ಒಂದೂವರೆ ಡಿಗ್ರಿ ಏರಿದರೆ ಯಾರೋ ಬಿಸಿನೀರು ಬಳಸುತ್ತಿದ್ದಾರೆ ಎಂದೇ ತಿಳಿಯಬಹುದು.

ಫ್ಯಾನು ಯಾವಾಗ ನಿಲ್ಲಬೇಕು ಎಂಬುದು ಇನ್ನಷ್ಟು ಸೂಕ್ಷ್ಮ. ಏರಿಕೆ ನಿಂತ ಕೂಡಲೇ ಫ್ಯಾನು ನಿಲ್ಲಲಿ ಎಂದು ಬರೆದರೆ, ಬಚ್ಚಲು ಹಬೆಯಿಂದ ತುಂಬಿ ತುಳುಕುವ ಹೊತ್ತಿಗೇ ಅದು ನಿಂತುಬಿಡುತ್ತದೆ. ತುಂಬಿದ ಮೇಲೆ ಇನ್ನು ಏರುವುದಕ್ಕೆ ಏನೂ ಉಳಿದಿರುವುದಿಲ್ಲವಲ್ಲ! ಆದ್ದರಿಂದ ಶುರುಮಾಡಲು ವೇಗವನ್ನು ನೋಡಬೇಕು, ನಿಲ್ಲಿಸಲು ಮಟ್ಟವನ್ನು. ಫ್ಯಾನು ಶುರುವಾಗುವಾಗ, ಏರಿಕೆಗೆ ಮುಂಚಿನ ಇಬ್ಬನಿ ಬಿಂದುವನ್ನು ನಿಯಂತ್ರಕ ನೆನಪಿಟ್ಟುಕೊಳ್ಳುತ್ತದೆ. ಅದಕ್ಕಿಂತ ಒಂದು ಡಿಗ್ರಿ ಮೇಲಿನವರೆಗೆ ಇಳಿದು ಬಂದಾಗ ಟೈಮರ್ ಶುರುವಾಗಿ, ಇನ್ನೂ 15 ನಿಮಿಷ ಫ್ಯಾನನ್ನು ಓಡಿಸುತ್ತದೆ. ನಡುವೆ ಮತ್ತೊಬ್ಬರು ಸ್ನಾನಕ್ಕೆ ಇಳಿದರೆ ಟೈಮರ್ ಮೊದಲಿನಿಂದ ಎಣಿಸುತ್ತದೆ.

ಕಿಟಕಿ ಇಲ್ಲದ ಬಚ್ಚಲಿಗೆ ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗಸೂಚಿ ಹೇಳುವ ಹೆಚ್ಚುವರಿ ಓಟವೂ ಇದೇ 15 ನಿಮಿಷ. ಫ್ಯಾನು ಗಂಟೆಗೆ 100 ಘನ ಮೀಟರ್ ಗಾಳಿಯನ್ನು ನಿಜವಾಗಿ ಹೊರಹಾಕಿದರೆ, ನಮ್ಮ ಬಚ್ಚಲಿನ ಗಾಳಿ ಐದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಹದಿನೈದು ನಿಮಿಷದಲ್ಲಿ ಹೆಚ್ಚುವರಿ ಹಬೆಯ ಇಪ್ಪತ್ತನೆಯ ಒಂದು ಪಾಲಷ್ಟೇ ಉಳಿಯುತ್ತದೆ.

ಆದರೆ ಟೈಲ್ಸ್ ಮೇಲಿನ ನೀರಿನ ಲೆಕ್ಕವೇ ಬೇರೆ. ಹತ್ತು ಚದರ ಮೀಟರ್ ನೆಲ ಗೋಡೆಗಳ ಮೇಲೆ ಮಿಲಿಮೀಟರಿನ ಹತ್ತನೇ ಒಂದರಷ್ಟು ತೆಳುವಾಗಿ ನೀರು ಹರಡಿದ್ದರೂ ಅದು ಒಂದು ಲೀಟರ್. ಹೊರಗಿನ ಗಾಳಿಯೇ ತೇವವಾಗಿದ್ದಾಗ ಹೊರಹೋಗುವ ಪ್ರತಿ ಘನ ಮೀಟರ್ ಗಾಳಿ ಹೆಚ್ಚುವರಿಯಾಗಿ ಒಯ್ಯುವುದು ಮೂರು ಗ್ರಾಂ ನೀರನ್ನು ಎಂದು ಹಿಡಿದರೆ, 15 ನಿಮಿಷಕ್ಕೆ 75 ಗ್ರಾಂ ಆಗುತ್ತದೆ. ಒಂದು ಲೀಟರನ್ನು ಒಣಗಿಸಲು ಮೂರು ತಾಸಿಗೂ ಹೆಚ್ಚು ಬೇಕು. ಮಳೆಗಾಲದಲ್ಲಿ ಸ್ನಾನ ಮುಗಿಸಿದವರು ವೈಪರಿನಿಂದ ಗೋಡೆ ನೆಲವನ್ನು ಒಮ್ಮೆ ಎಳೆದರೆ ಫ್ಯಾನು ಗಂಟೆಗಟ್ಟಲೆ ಮಾಡುವ ಕೆಲಸ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಮೂಲೆಯಲ್ಲಿ ಬೂಸ್ಟು ಹಿಡಿಯದಿರಲು ಎರಡೂ ಬೇಕು.

ಗರಿಷ್ಠ 60 ನಿಮಿಷ ಎಂಬ ಕಡಿವಾಣವನ್ನೂ ಹಾಕಬೇಕು. ಸ್ನಾನದ ನಡುವೆ ಹೊರಗಿನ ಹವೆ ಬದಲಾದರೆ ಒಳಗಿನ ಗಾಳಿ ಹಳೆಯ ಮಟ್ಟಕ್ಕೆ ಇಳಿಯುವುದೇ ಇಲ್ಲ. ಆ ಹೊತ್ತು ಮುಗಿದ ಮೇಲೆ ಫ್ಯಾನು ನಿಂತು, ಹೊಸ ಮಟ್ಟವನ್ನೇ ಸಹಜವೆಂದು ಒಪ್ಪಿಕೊಳ್ಳಬೇಕು.

ಸೆನ್ಸರನ್ನು ಶವರ್‌ನಿಂದ ದೂರ, ನೀರು ಸಿಡಿಯದ ಎತ್ತರದಲ್ಲಿ, ಬಾಗಿಲಿನಿಂದ ಬರುವ ಗಾಳಿ ನೇರವಾಗಿ ಬಡಿಯದ ಕಡೆ ಇಡಿ. ಅದರ ಮೇಲೆ ಹನಿ ಕೂತರೆ ಗೋಡೆಗಳು ಒಣಗಿದ ಮೇಲೂ ಶೇ. 100 ಎಂದೇ ತೋರಿಸುತ್ತಿರುತ್ತದೆ. ಪ್ರತಿ ಸಲವೂ ಫ್ಯಾನು 60 ನಿಮಿಷಕ್ಕೇ ನಿಲ್ಲುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನು. ಸೆನ್ಸರ್ ಸರಿಯಿದ್ದೂ ಹಬೆ ಇಳಿಯದಿದ್ದರೆ ಬಾಗಿಲು ಮುಚ್ಚಿ ಫ್ಯಾನಿನ ಜಾಲರಿಗೆ ತೆಳು ಕಾಗದ ಹಿಡಿದು ನೋಡಿ. ಕಾಗದ ಅಂಟದೆ, ಬಾಗಿಲು ಸ್ವಲ್ಪ ತೆರೆದ ಕೂಡಲೇ ಅಂಟಿದರೆ, ಬಾಗಿಲ ಕೆಳಗೆ ಗಾಳಿ ಬರಲು ಸಂದಿ ಸಾಲದು ಎಂದರ್ಥ. 230 ವೋಲ್ಟಿನ ರಿಲೇ ಪೆಟ್ಟಿಗೆ ಬಚ್ಚಲಿನ ಹೊರಗಿರಲಿ, ಅದರ ವೈರಿಂಗ್ ಅನ್ನು ಎಲೆಕ್ಟ್ರೀಷಿಯನ್ನರೇ ಮಾಡಲಿ.

ಒಂದೂವರೆ ಡಿಗ್ರಿ ಎಂಬ ಅಳತೆ ಎಲ್ಲ ಮನೆಗೂ ಹೊಂದಬೇಕೆಂದಿಲ್ಲ. ಬಕೆಟ್ ಸ್ನಾನದಲ್ಲಿ ಶವರ್‌ಗಿಂತ ಹಬೆ ಕಡಿಮೆ, ಏರಿಕೆಯೂ ನಿಧಾನ. ಮೊದಲ ಕೆಲವು ದಿನ ಫ್ಯಾನನ್ನು ಜೋಡಿಸದೆ, ಮನೆಯವರು ಸ್ನಾನ ಮಾಡುವಾಗ ಮೂರು ನಿಮಿಷಕ್ಕೆ ಎಷ್ಟು ಏರುತ್ತದೆ, ಮಳೆ ಬಂದಾಗ ಎಷ್ಟು ಏರುತ್ತದೆ ಎಂದು ಬರೆದಿಡಿ. ಸ್ನಾನದ ಅತಿ ಸಣ್ಣ ಏರಿಕೆಗೂ ಮಳೆಯ ಅತಿ ದೊಡ್ಡ ಏರಿಕೆಗೂ ನಡುವಿನ ಸಂಖ್ಯೆಯೇ ನಿಮ್ಮ ಬಚ್ಚಲಿಗೆ ತಕ್ಕ ಅಳತೆ.