ಅಮ್ಮನ ಬೆಳಗು, ತಮ್ಮನ ನಡುರಾತ್ರಿ

ಮೈಸೂರಿನ ನಮ್ಮ ಮನೆಯಲ್ಲಿ ಅಮ್ಮ ಐದು ಗಂಟೆಗೆಲ್ಲ ಏಳುತ್ತಾರೆ. ಒಲೆಯ ಮೇಲೆ ಹಾಲಿಟ್ಟು, ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಗುಲಾಬಿ ಹೂವಿನ ಮೇಲೆ ‘ಶುಭೋದಯ’ ಎಂದು ಬರೆದ ಚಿತ್ರವೊಂದು ಐದೂವರೆಗೆ ಸರಿಯಾಗಿ ಮೂರು ಕಡೆಗೆ ಹೊರಡುತ್ತದೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ತಮ್ಮನಿಗೆ, ಕ್ಯಾಲಿಫೋರ್ನಿಯಾದಲ್ಲಿರುವ ಅಕ್ಕನಿಗೆ, ಮೆಲ್ಬರ್ನ್‌ನಲ್ಲಿರುವ ಚಿಕ್ಕಪ್ಪನ ಮಗಳಿಗೆ.

ಒಂದು ಡಿಸೆಂಬರಿನಲ್ಲಿ ಅಪ್ಪನಿಗೆ ಹೃದಯದ ಆಪರೇಷನ್ ಆಯಿತು. ಅದಾದ ಮೇಲೆ ತಮ್ಮ ಒಂದು ಏರ್ಪಾಡು ಮಾಡಿಕೊಂಡ. ರಾತ್ರಿ ಅವನ ಫೋನ್ ಸದ್ದು ಮಾಡುವುದಿಲ್ಲ, ಆದರೆ ಅಮ್ಮನ ನಂಬರಿಗೆ ಮಾತ್ರ ವಿನಾಯಿತಿ. ಊರಿನಿಂದ ಕೆಟ್ಟ ಸುದ್ದಿ ಬಂದರೆ ಆ ಗಳಿಗೆಯಲ್ಲೇ ಗೊತ್ತಾಗಬೇಕು ಎಂಬ ಭಯ ಅವನದು. ಹೊರದೇಶದಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಈ ಭಯ ಇದೆ.

ಜನವರಿಯ ಒಂದು ಬೆಳಿಗ್ಗೆ ಅಮ್ಮ ಫೋನ್ ಹಿಡಿದುಕೊಂಡು ಖುಷಿಯಿಂದ ನನ್ನ ಹತ್ತಿರ ಬಂದರು. “ನೋಡು, ಇಲ್ಲಿದ್ದಾಗ ಎಂಟಾದರೂ ಹಾಸಿಗೆ ಬಿಡುತ್ತಿರಲಿಲ್ಲ. ಈಗ ಐದೂವರೆಗೆಲ್ಲ ಎದ್ದಿರುತ್ತಾನೆ.” ಅವರು ತೋರಿಸಿದ ಕಡೆ ತಮ್ಮನ ಹೆಸರಿನ ಕೆಳಗೆ last seen today at 5:34 AM ಎಂದಿತ್ತು. ಕಳಿಸಿದ ಚಿತ್ರದ ಪಕ್ಕದಲ್ಲಿ ಎರಡು ನೀಲಿ ಗೀಟುಗಳೂ ಮೂಡಿದ್ದವು.

ಅಮ್ಮ ತಪ್ಪು ಓದಲಿಲ್ಲ. ಫೋನ್ ಹೇಳಿದ್ದನ್ನೇ ಓದಿದರು. ವಾಟ್ಸ್ಆ್ಯಪ್ ತೋರಿಸುವ ಗಂಟೆ ಯಾವಾಗಲೂ ನೋಡುವವರ ಊರಿನದು, ಆಚೆ ಕಡೆಯವರದ್ದಲ್ಲ. 5:34 ಎಂಬುದು ಮೈಸೂರಿನ ಸಮಯ. ಚಳಿಗಾಲದಲ್ಲಿ ಇಂಗ್ಲೆಂಡ್ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ಅಂದರೆ ತಮ್ಮ ಆ ಚಿತ್ರವನ್ನು ನೋಡಿದ್ದು ಮಧ್ಯರಾತ್ರಿ ಹನ್ನೆರಡು ದಾಟಿ ನಾಲ್ಕು ನಿಮಿಷಕ್ಕೆ. ಆಗಷ್ಟೇ ನಿದ್ದೆ ಹತ್ತಿದ್ದವನು ಅಪ್ಪನಿಗೆ ಏನಾಯಿತೋ ಎಂದು ಗಾಬರಿಯಿಂದ ಎದ್ದು ನೋಡಿದರೆ ಗುಲಾಬಿ ಹೂವು. ಹೀಗೆ ತಿಂಗಳಿಡೀ ನಡೆದಿತ್ತು. ಅಮ್ಮನ ಮನಸ್ಸು ನೋಯಬಾರದೆಂದು ಅವನು ತುಟಿ ಬಿಚ್ಚಿರಲಿಲ್ಲ.

ಐದೂವರೆಯಲ್ಲಿ ಆ ‘ಅರ್ಧ’ ಬಂದದ್ದು ಹೇಗೆ? ಭೂಮಿ ಒಂದು ಡಿಗ್ರಿ ತಿರುಗಲು ನಾಲ್ಕು ನಿಮಿಷ ಬೇಕು. ಭಾರತದ ಸಮಯವನ್ನು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಲೆಕ್ಕ ಹಾಕುತ್ತಾರೆ. ಅದನ್ನು ನಾಲ್ಕರಿಂದ ಗುಣಿಸಿದರೆ 330 ನಿಮಿಷ, ಅಂದರೆ ಐದೂವರೆ ಗಂಟೆ. 1906ರಿಂದ ಈ ಲೆಕ್ಕವಿದೆ. ಇದರಿಂದ ಒಂದು ಅನುಕೂಲವೂ ಆಗಿದೆ. ಮುಳ್ಳಿನ ಕೈಗಡಿಯಾರವನ್ನು ತಲೆಕೆಳಗಾಗಿ ಹಿಡಿದರೆ ಇಂಗ್ಲೆಂಡಿನ ಚಳಿಗಾಲದ ಸಮಯ ಕಾಣುತ್ತದೆ. ನಮ್ಮಲ್ಲಿ ಹನ್ನೆರಡಾಗಿದ್ದರೆ ಎರಡೂ ಮುಳ್ಳು ಕೆಳಗೆ ಬಂದು ಆರೂವರೆಯಂತೆ ಕಾಣುತ್ತದೆ. ಅಲ್ಲಿ ಆಗ ಬೆಳಗಿನ ಆರೂವರೆ. ಅಮ್ಮನಿಗೆ ನಾನು ಮೊದಲು ಕಲಿಸಿದ್ದು ಇದನ್ನೇ. ಬೇಸಿಗೆಯಲ್ಲಿ ಕಂಡದ್ದಕ್ಕೆ ಒಂದು ಗಂಟೆ ಸೇರಿಸಿಕೊಳ್ಳಬೇಕು.

ಅಕ್ಕನ ವಿಷಯದಲ್ಲಿ ತೊಂದರೆ ಬೇರೆಯದೇ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ಅಮ್ಮನ ಬೆಳಗಿನ ಗುಲಾಬಿ ಅಲ್ಲಿಗೆ ತಲುಪುವುದು ಹಿಂದಿನ ದಿನದ ಸಂಜೆ ನಾಲ್ಕಕ್ಕೆ. ಅಕ್ಕನ ಹುಟ್ಟುಹಬ್ಬದ ಹಾರೈಕೆಯೂ ಪ್ರತಿವರ್ಷ ಒಂದು ದಿನ ಮುಂಚೆಯೇ ಹೋಗುತ್ತಿತ್ತು. ಅದರಿಂದ ಯಾರ ನಿದ್ದೆಯೂ ಕೆಡಲಿಲ್ಲ. ಕೆಡುತ್ತಿದ್ದುದು ಊಟವಾದ ಮೇಲೆ. ಮಧ್ಯಾಹ್ನ ಎರಡರಿಂದ ಐದರವರೆಗೆ ಅಮ್ಮ ಬಿಡುವಾಗಿ ಕೂತು ದೇವರನಾಮ, ಅಡುಗೆ ವಿಡಿಯೊಗಳನ್ನು ಕಳಿಸುವ ಹೊತ್ತು. ಅಕ್ಕನಿಗೆ ಅದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ. ಮೆಲ್ಬರ್ನ್‌ನ ತಂಗಿಯದು ಇನ್ನೊಂದು ಬಗೆ. ಜನವರಿಯಲ್ಲಿ ಅಲ್ಲಿ ಬೇಸಿಗೆ, ನಮಗಿಂತ ಐದೂವರೆ ಗಂಟೆ ಮುಂದೆ. ಅಮ್ಮನ ಶುಭೋದಯ ಅಲ್ಲಿ ಹನ್ನೊಂದು ಗಂಟೆಗೆ ಸುಖವಾಗಿ ತಲುಪುತ್ತದೆ. ರಾತ್ರಿ ಹತ್ತರ ಗುಡ್ ನೈಟ್ ಮಾತ್ರ ನಸುಕಿನ ಮೂರೂವರೆಗೆ ಬಡಿದೆಬ್ಬಿಸುತ್ತದೆ. ಹೀಗೆ ಇಂಗ್ಲೆಂಡಿನವರನ್ನು ಎಬ್ಬಿಸುವುದು ಶುಭೋದಯ, ಕ್ಯಾಲಿಫೋರ್ನಿಯಾದವರನ್ನು ಮಧ್ಯಾಹ್ನದ ವಿಡಿಯೊ, ಆಸ್ಟ್ರೇಲಿಯಾದವರನ್ನು ಶುಭರಾತ್ರಿ.

ಮೂವರೂ ಎಚ್ಚರವಿರುವ ಒಂದು ಹೊತ್ತಿಗೆ ಎಲ್ಲರಿಗೂ ಒಟ್ಟಿಗೆ ಕಳಿಸಿದರಾಯಿತಲ್ಲ ಎಂದು ಅಮ್ಮ ಕೇಳಿದರು. ಕಾಗದ ತೆಗೆದುಕೊಂಡು ಕೂತೆವು. ಬೆಳಿಗ್ಗೆ ಏಳರಿಂದ ರಾತ್ರಿ ಹತ್ತರವರೆಗೆ ಎಲ್ಲರೂ ಎದ್ದಿರುತ್ತಾರೆ ಎಂದಿಟ್ಟುಕೊಂಡು ಒಂದೊಂದೂರಿಗೆ ಒಂದೊಂದು ಗೆರೆ ಎಳೆದೆವು. ಜನವರಿಯಲ್ಲಿ ಮೂರೂ ಗೆರೆ ಒಂದರ ಕೆಳಗೊಂದು ಬರುವುದು ನಮ್ಮ ರಾತ್ರಿ ಒಂದೂವರೆಯಿಂದ ಮೂರೂವರೆಯವರೆಗೆ ಮಾತ್ರ. ಅಮ್ಮ ಆ ಗೆರೆಗಳನ್ನೇ ಬಹಳ ಹೊತ್ತು ನೋಡುತ್ತಿದ್ದರು. ಮಕ್ಕಳೆಲ್ಲ ಒಟ್ಟಿಗೆ ಎಚ್ಚರವಿರುವುದು ತಾವು ಮಲಗಿದ್ದಾಗ ಮಾತ್ರ ಎಂಬುದು ಅವರಿಗೆ ಆವತ್ತೇ ತಿಳಿದದ್ದು.

ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಗೊತ್ತುಮಾಡಿ ಫ್ರಿಜ್ಜಿನ ಮೇಲೆ ಅಂಟಿಸಿದೆವು. ತಮ್ಮನಿಗೆ ಶುಭೋದಯ ನಮ್ಮ ಊಟದ ಹೊತ್ತಿಗೆ, ಮಧ್ಯಾಹ್ನ ಹನ್ನೆರಡೂವರೆಗೆ. ಅಕ್ಕನಿಗೆ ರಾತ್ರಿ ಎಂಟೂವರೆಗೆ. ತಂಗಿಗೆ ಶುಭರಾತ್ರಿ ಸಂಜೆಯ ಕಾಫಿಯ ಜೊತೆ, ನಾಲ್ಕು ಗಂಟೆಗೆ.

ಮಾರ್ಚ್‌ನಲ್ಲಿ ಆ ಚೀಟಿ ಕೈಕೊಟ್ಟಿತು. ನಮ್ಮ ಗಡಿಯಾರ ವರ್ಷವಿಡೀ ಒಂದೇ. ಅವರು ವರ್ಷಕ್ಕೆರಡು ಸಲ ಒಂದು ಗಂಟೆ ಅತ್ತಿತ್ತ ಮಾಡುತ್ತಾರೆ, ಅದೂ ಬೇರೆ ಬೇರೆ ದಿನ. ಮಾರ್ಚ್ ಎರಡನೇ ಭಾನುವಾರ ಅಮೆರಿಕದ ಗಡಿಯಾರ ಮುಂದೆ ಹೋಗುತ್ತದೆ, ಕೊನೆಯ ಭಾನುವಾರ ಇಂಗ್ಲೆಂಡಿನದು. ಏಪ್ರಿಲ್ ಮೊದಲ ಭಾನುವಾರ ಮೆಲ್ಬರ್ನಿನದು ಹಿಂದಕ್ಕೆ ಬರುತ್ತದೆ. ಒಂದು ತಿಂಗಳೊಳಗೆ ಮೂರೂ ಸಾಲು ತಪ್ಪಾಗಿಬಿಡುತ್ತವೆ. ಅಕ್ಟೋಬರ್ ಮೊದಲ ಭಾನುವಾರ ಮೆಲ್ಬರ್ನ್, ಕೊನೆಯ ಭಾನುವಾರ ಇಂಗ್ಲೆಂಡ್, ನವೆಂಬರ್ ಮೊದಲ ಭಾನುವಾರ ಅಮೆರಿಕ ಮತ್ತೆ ಹಳೆಯ ಲೆಕ್ಕಕ್ಕೆ ಮರಳುತ್ತವೆ. ಅಮೆರಿಕದಲ್ಲೂ ಎಲ್ಲ ಕಡೆ ಹೀಗಿಲ್ಲ. ಅರಿಜೋನಾದ ಬಹುಭಾಗ ಗಡಿಯಾರ ಮುಟ್ಟುವುದೇ ಇಲ್ಲ. ದುಬೈ, ಸಿಂಗಪುರದಲ್ಲಿ ಮಕ್ಕಳಿರುವವರಿಗೂ ಈ ತಾಪತ್ರಯವಿಲ್ಲ. ಚೀಟಿ ಕೈಕೊಟ್ಟಾಗ ದಾರಿ ತೋರಿದ್ದು ಫೋನಿನ ಗಡಿಯಾರ. ಅದರಲ್ಲಿ ಮೂರು ಊರಿನ ಹೆಸರು ಸೇರಿಸಿಕೊಟ್ಟೆ; ಈ ಬದಲಾವಣೆಗಳನ್ನೆಲ್ಲ ಅದೇ ಲೆಕ್ಕ ಹಾಕುತ್ತದೆ. ಈಗ ಅಮ್ಮ ಕಳಿಸುವ ಮುಂಚೆ ಅದನ್ನೊಮ್ಮೆ ನೋಡುತ್ತಾರೆ.

ತಮ್ಮನ ಫೋನಿನಲ್ಲೂ ಒಂದು ಬದಲಾವಣೆ ಆಗಬೇಕಿತ್ತು. ರಾತ್ರಿಯ ಮೌನಕ್ಕೆ ವಿನಾಯಿತಿ ಕೊಡುವಾಗ ಅವನು ಅಮ್ಮನ ಕರೆಗೂ ಮೆಸೇಜಿಗೂ ಕೊಟ್ಟಿದ್ದ. ಈಗ ಮೆಸೇಜಿನ ಸದ್ದು ತೆಗೆದು, ಮಾಮೂಲಿ ಫೋನ್ ಕರೆಯನ್ನು ಮಾತ್ರ ಉಳಿಸಿಕೊಂಡಿದ್ದಾನೆ. ಮನೆಯಲ್ಲೂ ಒಂದು ಮಾತಾಗಿದೆ: ಅಪ್ಪನ ಆರೋಗ್ಯದ ವಿಷಯವಿದ್ದರೆ ಬರೆಯುವುದಿಲ್ಲ, ಕರೆ ಮಾಡುತ್ತೇವೆ.

ನಿನ್ನೆ ಊಟಕ್ಕೆ ಕೂತಾಗ ಅಮ್ಮ ಎಡಗೈಯಲ್ಲಿ ಫೋನ್ ಹಿಡಿದು ಗುಲಾಬಿಯನ್ನು ಕಳಿಸಿದರು. ಹುಳಿಯನ್ನ ಮುಗಿದು ಮಜ್ಜಿಗೆ ಬಡಿಸುವ ಹೊತ್ತಿಗೆ ಉತ್ತರ ಬಂತು: “ಈಗ ಎದ್ದೆ ಅಮ್ಮ. ನಿಂದು ಊಟ ಆಯ್ತಾ?”