ಕಾಲು ಸೂಪ್ ಮತ್ತು ಮಂಡಿಯ ಗಾಯ

ಕಳೆದ ಮಳೆಗಾಲದಲ್ಲಿ ಸೈಕಲ್‌ನಿಂದ ಬಿದ್ದು ನನ್ನ ಮಂಡಿ ಒಡೆಯಿತು, ನಾಲ್ಕು ಹೊಲಿಗೆ ಹಾಕಬೇಕಾಯಿತು. ಮರುದಿನವೇ ಉಮ್ಮ ಆಡಿನ ಕಾಲು ಸೂಪ್ ಮಾಡಿ, "ಕುಡಿ, ಗಾಯ ಬೇಗ ಕೂಡ್ತದೆ" ಎಂದು ಲೋಟ ಕೈಗಿಟ್ಟರು. ಉಳಿದ ಸೂಪನ್ನು ಫ್ರಿಜ್‌ನಲ್ಲಿಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಅದು ಹಲ್ವದ ಹಾಗೆ ಗಟ್ಟಿಯಾಗಿ ಅಲುಗಾಡುತ್ತಿತ್ತು. ನೀರಿನಂತಿದ್ದ ಸೂಪ್ ಹೀಗೆ ಹೆಪ್ಪುಗಟ್ಟಲು ಕಾರಣ ಕೊಲಾಜೆನ್.

ಪ್ರಾಣಿಗಳಲ್ಲಿ ಅತಿ ಹೆಚ್ಚು ಇರುವ ಪ್ರೋಟೀನ್ ಯಾವುದು ಎಂಬ ಒಂದು ಅಂಕದ ಪ್ರಶ್ನೆಗೆ ನಾವೆಲ್ಲ ಈ ಹೆಸರು ಬರೆದಿದ್ದೇವೆ. ಆದರೆ ಅದು ಇರುವುದು ಜೀವಕೋಶದ ಒಳಗಲ್ಲ, ಹೊರಗೆ. ಚರ್ಮ, ಮೂಳೆ, ಸ್ನಾಯುರಜ್ಜುಗಳಲ್ಲಿ ಕೋಶಗಳ ಸುತ್ತ ಹರಡಿರುವ ಬಲೆಗೆ ಕೋಶಬಾಹ್ಯ ಮಾತೃಕೆ ಎನ್ನುತ್ತಾರೆ. ಆ ಬಲೆಯ ಮುಖ್ಯ ಹಗ್ಗವೇ ಕೊಲಾಜೆನ್. ತೆಂಗಿನ ನಾರಿನ ಹಗ್ಗದಂತೆ ಇಲ್ಲಿಯೂ ಮೂರು ಎಳೆಗಳು ಹೊಸೆದುಕೊಂಡಿರುತ್ತವೆ. ಒಂದೊಂದು ಎಳೆಯಲ್ಲೂ ಸುಮಾರು 1000 ಅಮೈನೋ ಆಮ್ಲಗಳಿವೆ, ಪ್ರತಿ ಮೂರನೆಯದು ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಅದೇ ಚಿಕ್ಕದು. ಮೂರು ಎಳೆಗಳು ಸೇರುವ ನಡುವಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಜಾಗವಿಲ್ಲ. ಗಂಟೆಗಟ್ಟಲೆ ಕುದಿಸಿದಾಗ ಹೊಸೆತ ಬಿಚ್ಚಿ ಎಳೆಗಳು ನೀರಿಗೆ ಬರುತ್ತವೆ. ಅದೇ ಜೆಲಾಟಿನ್. ತಣ್ಣಗಾದಾಗ ಅವು ಅಲ್ಲಲ್ಲಿ ಮತ್ತೆ ಸಿಕ್ಕಿಕೊಂಡು, ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುತ್ತವೆ.

ಹಗ್ಗ ಇದ್ದರೆ ಸಾಲದು, ಕೋಶ ಅದನ್ನು ಹಿಡಿದುಕೊಳ್ಳಬೇಕಲ್ಲ. ಆ ಹಿಡಿಕೆಯ ಹೆಸರು ಇಂಟೆಗ್ರಿನ್. ಆಲ್ಫಾ ಮತ್ತು ಬೀಟಾ ಎಂಬ ಎರಡು ಸರಪಳಿಗಳ ಈ ಪ್ರೋಟೀನ್ ಕೋಶಪೊರೆಯನ್ನು ತೂರಿ ನಿಂತಿರುತ್ತದೆ. ಹೊರಗಿನ ತುದಿ ಕೊಲಾಜೆನನ್ನು ಹಿಡಿದರೆ, ಒಳಗಿನ ಗಿಡ್ಡ ಬಾಲಕ್ಕೆ ಟ್ಯಾಲಿನ್ ಎಂಬ ಪ್ರೋಟೀನ್ ಅಂಟಿಕೊಂಡು ಆಕ್ಟಿನ್ ತಂತುಗಳಿಗೆ ಜೋಡಿಸುತ್ತದೆ. ಗಾಯದ ಜಾಗದಲ್ಲಿ ಫೈಬ್ರೋಬ್ಲಾಸ್ಟ್ ಕೋಶಗಳು ಒಳಗಿನಿಂದ ಆಕ್ಟಿನ್ ಎಳೆದಾಗ ಹೊರಗಿನ ಹಗ್ಗವೂ ಬಿಗಿಯುತ್ತದೆ, ಗಾಯದ ಅಂಚುಗಳು ಹತ್ತಿರ ಬರುತ್ತವೆ. ನನ್ನ ಮಂಡಿ ಮಡಚಿದಾಗ ಬಿಗಿದಂತಾಗುತ್ತಿದ್ದುದಕ್ಕೆ ಈ ಎಳೆತವೂ ಒಂದು ಕಾರಣ.

ಈ ಹಿಡಿತ ಬಹಳ ಆಯ್ದು ಹಿಡಿಯುವಂಥದ್ದು. ಆಲ್ಫಾ-2 ಬೀಟಾ-1 ಎಂಬ ಇಂಟೆಗ್ರಿನ್ ಕೊಲಾಜೆನ್‌ನಲ್ಲಿ ಆರು ಅಮೈನೋ ಆಮ್ಲಗಳ ಒಂದು ತುಣುಕನ್ನು ಹುಡುಕುತ್ತದೆ. ಅದರಲ್ಲಿರುವ ಗ್ಲುಟಮೇಟ್‌ಗೂ ಇಂಟೆಗ್ರಿನ್‌ಗೂ ನಡುವೆ ಒಂದು ಮೆಗ್ನೀಸಿಯಮ್ ಅಯಾನು ಕೊಂಡಿಯಂತೆ ಕೂರುತ್ತದೆ. ಪ್ರಯೋಗಾಲಯದಲ್ಲಿ ತಟ್ಟೆಗೆ ಅಂಟಿ ಬೆಳೆದ ಕೋಶಗಳನ್ನು ಬಿಡಿಸಲು ಟ್ರಿಪ್ಸಿನ್ ಜೊತೆ ಇಡಿಟಿಎ ಸೇರಿಸುವುದು ಇದಕ್ಕೇ. ಇಡಿಟಿಎ ಕ್ಯಾಲ್ಸಿಯಮ್, ಮೆಗ್ನೀಸಿಯಮ್ ಅಯಾನುಗಳನ್ನು ಕಸಿದುಕೊಳ್ಳುತ್ತದೆ, ಹಿಡಿತ ಸಡಿಲವಾಗುತ್ತದೆ, ಚಪ್ಪಟೆಯಾಗಿದ್ದ ಕೋಶ ಉರುಟಾಗಿ ತೇಲುತ್ತದೆ. ಇನ್ನೊಂದು ಮಾತು, ಆ ತುಣುಕು ಮೂರೆಳೆಯ ಹೊಸೆತದಲ್ಲೇ ಇರಬೇಕು. ಹೊಸೆತ ಬಿಚ್ಚಿದ ಜೆಲಾಟಿನ್‌ನಲ್ಲಿ ಅಮೈನೋ ಆಮ್ಲಗಳ ಕ್ರಮ ಅದೇ ಇದ್ದರೂ ಈ ಇಂಟೆಗ್ರಿನ್ ಅದನ್ನು ಗುರುತಿಸುವುದಿಲ್ಲ.

ಹೊಸೆತ ನಿಲ್ಲಬೇಕಾದರೆ ಎಳೆಯಲ್ಲಿರುವ ಅನೇಕ ಪ್ರೋಲಿನ್‌ಗಳಿಗೆ ಒಂದೊಂದು ಹೈಡ್ರಾಕ್ಸಿಲ್ ಗುಂಪು ಸೇರಬೇಕು. ಅದನ್ನು ಸೇರಿಸುವ ಕಿಣ್ವದಲ್ಲಿ ಕಬ್ಬಿಣದ ಅಯಾನು ಇದೆ. ಆ ಕಬ್ಬಿಣವನ್ನು ಕೆಲಸ ಮಾಡುವ ಸ್ಥಿತಿಯಲ್ಲಿಡುವುದು ವಿಟಮಿನ್ ಸಿ. ಹೈಡ್ರಾಕ್ಸಿಲ್ ಸೇರದ ಕೊಲಾಜೆನ್ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲೇ ಬಿಚ್ಚಿಕೊಳ್ಳುತ್ತದೆ. ನಮ್ಮ ಮೈ ಬಿಸಿ 37 ಡಿಗ್ರಿ. ಕುದಿಸುವುದೇ ಬೇಡ!

ಇದರ ಫಲವೇನೆಂದು 1741ರಲ್ಲಿ ಬ್ರಿಟನ್ನಿನ ಜಾರ್ಜ್ ಆನ್ಸನ್‌ನ ಹಡಗುಗಳಲ್ಲಿ ಕಂಡುಬಂತು. ತಿಂಗಳುಗಟ್ಟಲೆ ತಾಜಾ ಹಣ್ಣು ತರಕಾರಿ ಇಲ್ಲದೆ ನಾವಿಕರಿಗೆ ಸ್ಕರ್ವಿ ಬಂತು, ನೂರಾರು ಮಂದಿ ಸತ್ತರು. ಅವರಲ್ಲೊಬ್ಬ 1690ರ ಬಾಯ್ನ್ ಯುದ್ಧದಲ್ಲಿ ಗಾಯಗೊಂಡಿದ್ದವನು. ಐವತ್ತು ವರ್ಷಗಳ ಹಿಂದೆ ಮಾಗಿದ್ದ ಆ ಗಾಯ ಮತ್ತೆ ತೆರೆದುಕೊಂಡಿತು ಎಂದು ಆ ಯಾನದ ವೃತ್ತಾಂತ ಹೇಳುತ್ತದೆ. ಇದನ್ನು ಓದುವವರೆಗೆ ಗಾಯದ ಕಲೆ ಎಂದರೆ ಒಣಗಿದ ಸಿಮೆಂಟ್ ಎಂದುಕೊಂಡಿದ್ದೆ. ಹಾಗಲ್ಲ. ಕಲೆಯಲ್ಲಿ ಹಳೆಯ ಕೊಲಾಜೆನ್ ಕರಗುತ್ತ, ಹೊಸದು ಸೇರುತ್ತಲೇ ಇರುತ್ತದೆ. ಆ ನಾವಿಕನಲ್ಲಿ ಕರಗುವುದು ಮುಂದುವರಿಯಿತು, ಹೊಸದಾಗಿ ನಿಲ್ಲುವಂಥದ್ದು ತಯಾರಾಗಲಿಲ್ಲ.

ಹಾಗಾದರೆ ಸೂಪ್‌ನ ಕೊಲಾಜೆನ್ ನನ್ನ ಮಂಡಿಗೆ ಹೋಯಿತೇ? ಇಲ್ಲ. ಹೊಟ್ಟೆಯಲ್ಲಿ ಅದು ಅಮೈನೋ ಆಮ್ಲಗಳಾಗಿ, ಸಣ್ಣ ಚೂರುಗಳಾಗಿ ಒಡೆಯುತ್ತದೆ. ಮಂಡಿಯ ಕೋಶಗಳು ಬೇಕಾದ ಹಗ್ಗವನ್ನು ತಾವೇ ಹೊಸೆದುಕೊಳ್ಳಬೇಕು. ಇದನ್ನು ಉಮ್ಮನಿಗೆ ಹೇಳಿದೆ. ಅವರು ಕೇಳಿಸಿಕೊಂಡು, ಒಲೆಯಿಂದ ಇಳಿಸಿದ ಸೂಪ್‌ಗೆ ಎಂದಿನಂತೆ ಅರ್ಧ ಲಿಂಬೆ ಹಿಂಡಿದರು. ಕುದಿಯುವಾಗ ಹಾಕಿದ್ದರೆ ವಿಟಮಿನ್ ಸಿ ಸ್ವಲ್ಪ ಹಾಳಾಗುತ್ತಿತ್ತು.